ಹೊಸ ಪದನಾಮ, ಹಳೇ ಗ್ರೇಡು

ಪತ್ರ ಅರ್ಧ ಪುಟವನ್ನೂ ದಾಟುವುದಿಲ್ಲ. ಮೊದಲ ಸಾಲಿನಲ್ಲಿ ಅಭಿನಂದನೆ, ಎರಡನೆಯದರಲ್ಲಿ ಹೊಸ ಪದನಾಮ ಮತ್ತು ಅದು ಜಾರಿಗೆ ಬರುವ ದಿನಾಂಕ. ಕೊನೆಗೆ, ನೇಮಕಾತಿಯ ಉಳಿದ ಎಲ್ಲ ಷರತ್ತುಗಳೂ ಮೊದಲಿನಂತೆಯೇ ಇರುತ್ತವೆ ಎಂಬ ಒಂದು ವಾಕ್ಯ. ಕಂಪನಿಗಳ ಎಚ್‌ಆರ್ ವಿಭಾಗದವರು ಇದನ್ನು ರೀಡೆಸಿಗ್ನೇಷನ್ ಲೆಟರ್ ಎನ್ನುತ್ತಾರೆ. ಪ್ರಮೋಷನ್ ಎಂಬ ಪದವನ್ನು ಅದರಲ್ಲಿ ಬೇಕೆಂದೇ ಬಳಸುವುದಿಲ್ಲ. ಬಡ್ತಿ ಎಂದರೆ ಮೇಲಿನ ಗ್ರೇಡು, ಅದಕ್ಕೆ ತಕ್ಕ ಸಂಬಳ ಎಂಬ ಅರ್ಥ ಬರುತ್ತದೆ. ಇಲ್ಲಿ ಎರಡೂ ಇಲ್ಲ. ಕೆಲಸ ಮಾತ್ರ ಹೆಚ್ಚಿದೆ.

ಇಂಥ ಪತ್ರ ಕೈಗೆ ಬಂದಾಗ ಹೆಚ್ಚಿನವರು ಹೊಸ ಹೆಸರನ್ನು ನೋಡಿ ಸಂತೋಷಪಡುತ್ತಾರೆ, ಇಲ್ಲವೇ ಸಂಬಳ ಏರಲಿಲ್ಲವೆಂದು ಬೇಸರಪಡುತ್ತಾರೆ. ಸಂಬಳ ಏರದಿರುವುದಷ್ಟೇ ಅಲ್ಲ, ತಿಂಗಳ ಕೊನೆಗೆ ಕೈಗೆ ಸಿಗುವ ದುಡ್ಡು ಕಡಿಮೆಯೂ ಆಗಬಹುದು ಎಂಬುದು ಹಲವರಿಗೆ ಹೊಳೆಯುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಪೀಣ್ಯದ ಒಂದು ಬಿಡಿಭಾಗ ತಯಾರಿಕಾ ಘಟಕದಲ್ಲಿ ಆರು ವರ್ಷದಿಂದ ಸ್ಟೋರ್ಸ್ ಸಹಾಯಕಿಯಾಗಿರುವ ಮಹಿಳೆ. ತಿಂಗಳಿಗೆ 24,000 ರೂಪಾಯಿ. ಬಂದ ಮಾಲನ್ನು ಎಣಿಸುವುದು, ಬಿನ್ ಕಾರ್ಡಿನಲ್ಲಿ ಬರೆಯುವುದು, ಚೀಟಿ ನೋಡಿ ಬೋಲ್ಟು, ಬೇರಿಂಗು ಕೊಡುವುದು ಆಕೆಯ ಕೆಲಸ. ಮೇಲಿದ್ದ ಸ್ಟೋರ್ ಕೀಪರ್ ಕೆಲಸ ಬಿಟ್ಟರು. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳದೆ ಆಕೆಗೇ ‘ಸ್ಟೋರ್ಸ್ ಇನ್‌ಚಾರ್ಜ್’ ಎಂಬ ಪತ್ರ ಕೊಟ್ಟರು. ಈಗ ಮಾಲು ಸ್ವೀಕಾರದ ರಸೀದಿಗೆ, ಅಂದರೆ ಜಿಆರ್‌ಎನ್‌ಗೆ, ಆಕೆಯದೇ ಸಹಿ. ಬೀಗದ ಕೈಯೂ ಆಕೆಯ ಬಳಿಯೇ.

ತಿಂಗಳಿಗೆ ಸುಮಾರು 20 ಗಂಟೆ ಆಕೆ ಓವರ್‌ಟೈಮ್ ಮಾಡುತ್ತಿದ್ದರು. 24,000ವನ್ನು 26 ದಿನಕ್ಕೆ, ದಿನಕ್ಕೆ ಎಂಟು ಗಂಟೆಯಂತೆ ಹಂಚಿದರೆ ಗಂಟೆಗೆ ಸುಮಾರು 115 ರೂಪಾಯಿ. ಓವರ್‌ಟೈಮಿಗೆ ಅದರ ಎರಡರಷ್ಟು ಕೊಡಬೇಕೆಂಬುದು ಕಾಯಿದೆ. 20 ಗಂಟೆಗೆ 4,600 ರೂಪಾಯಿ ಬರುತ್ತಿತ್ತು. ಪತ್ರ ಬಂದ ಮುಂದಿನ ತಿಂಗಳು ಓಟಿ ರಿಜಿಸ್ಟರಿನಲ್ಲಿ ಆಕೆಯ ಹೆಸರಿಲ್ಲ. ಇನ್‌ಚಾರ್ಜ್ ಆದವರಿಗೆ ಓಟಿ ಇಲ್ಲವಂತೆ. ಕಾಗದದ ಮೇಲೆ ಸಂಬಳ ಕದಲಿಲ್ಲ. ಬ್ಯಾಂಕಿಗೆ ಬಂದದ್ದು ಮಾತ್ರ 4,600 ಕಡಿಮೆ.

ಇದು ಸರಿಯೇ ಎಂಬ ಪ್ರಶ್ನೆಗೆ ಉತ್ತರ ಪದನಾಮದಲ್ಲಿ ಸಿಗುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮುಖ್ಯವಾಗಿ ಆಡಳಿತದ ಕೆಲಸ ಮಾಡುವವರು ಕಾರ್ಮಿಕರಲ್ಲ. ಮೇಲ್ವಿಚಾರಣೆಯ ಕೆಲಸ ಮಾಡುತ್ತ ತಿಂಗಳಿಗೆ 18,000 ರೂಪಾಯಿ ದಾಟಿ ಸಂಬಳ ಪಡೆಯುವವರೂ ಅಲ್ಲ. ಹಳೆಯ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಈ ಮಿತಿ 10,000 ಇತ್ತು. ಈ ಮಹಿಳೆಯ ಸಂಬಳ ಮಿತಿಗಿಂತ ಮೇಲಿದೆ. ಹಾಗಾಗಿ ಆಕೆ ನಿಜಕ್ಕೂ ಮೇಲ್ವಿಚಾರಕಿಯಾಗಿದ್ದರೆ ಕಾರ್ಮಿಕರಿಗಿರುವ ರಕ್ಷಣೆ ಸಿಗುವುದಿಲ್ಲ. ಆಗಿಲ್ಲದಿದ್ದರೆ ಸಿಗುತ್ತದೆ. ಹಾಗಾದರೆ ಮೇಲ್ವಿಚಾರಕಿ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ನ್ಯಾಯಾಲಯಗಳು ಪತ್ರದಲ್ಲಿನ ಹೆಸರನ್ನು ಬಿಟ್ಟು ದಿನದ ಕೆಲಸವನ್ನು ನೋಡುತ್ತ ಬಂದಿವೆ. 1994ರಲ್ಲಿ ಪಾದರಕ್ಷೆ ಕಂಪನಿಯೊಂದರ ಅಂಗಡಿ ಮ್ಯಾನೇಜರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಪದನಾಮ ಮುಖ್ಯವಲ್ಲ, ಮುಖ್ಯವಾಗಿ ಮಾಡುವ ಕೆಲಸ ಯಾವುದು ಎಂಬುದೇ ನಿರ್ಣಾಯಕ. ಆ ಪ್ರಕರಣದಲ್ಲಿ ಆತ ಕಾರ್ಮಿಕನಲ್ಲ ಎಂದೇ ತೀರ್ಪಾಯಿತು, ಏಕೆಂದರೆ ಅಂಗಡಿಯನ್ನು ನಿಜವಾಗಿ ನಡೆಸುತ್ತಿದ್ದವನು ಆತನೇ. ಎರಡೂ ಕಡೆಗೆ ಕತ್ತರಿಸುವ ಅಳತೆ ಇದು. ಪೀಣ್ಯದ ಸ್ಟೋರ್ಸ್‌ನಲ್ಲಿ ಕೇಳಬೇಕಾದ್ದು ಇಷ್ಟು: ಆಕೆಯ ಕೈಕೆಳಗೆ ಯಾರಾದರೂ ಇದ್ದಾರೆಯೇ? ಅವರಿಗೆ ಕೆಲಸ ಹಂಚುವವರು, ರಜೆ ಮಂಜೂರು ಮಾಡುವವರು ಆಕೆಯೇ? ದಿನದ ಹೆಚ್ಚು ಹೊತ್ತು ಬಿನ್ ಕಾರ್ಡು ಬರೆಯುತ್ತ, ತಾನೇ ಮಾಲು ಎತ್ತಿಕೊಡುತ್ತ, ಪ್ರತಿಯೊಂದಕ್ಕೂ ಮೇಲಿನವರ ಒಪ್ಪಿಗೆಗೆ ಕಾಯುತ್ತಿದ್ದರೆ ಇನ್‌ಚಾರ್ಜ್ ಎಂಬ ಪದವೊಂದೇ ಓಟಿಯನ್ನು ನಿಲ್ಲಿಸುವುದಿಲ್ಲ.

ಇನ್ನೊಂದು ಅಪಾಯ ಸಹಿಯಲ್ಲಿದೆ. ಹಿಂದಿನ ಸ್ಟೋರ್ ಕೀಪರ್ ಹೋಗುವಾಗ ದಾಸ್ತಾನು ಎಣಿಸಿ ಒಪ್ಪಿಸಿದ್ದರೇ? ಎಷ್ಟೋ ಕಡೆ ಬೀಗದ ಕೈ ಮಾತ್ರ ಕೈ ಬದಲಾಗುತ್ತದೆ. ನಾಲ್ಕು ತಿಂಗಳ ನಂತರ ಆಡಿಟರ್ ಬಂದು ಎಣಿಸಿದಾಗ ಬಿನ್ ಕಾರ್ಡಿನಲ್ಲಿ 140 ಬೇರಿಂಗು, ಕಪಾಟಿನಲ್ಲಿ 112. ಆ 28 ಯಾವಾಗ ಹೋದವೆಂದು ಯಾರಿಗೂ ಗೊತ್ತಿಲ್ಲ, ಆದರೆ ಇನ್‌ಚಾರ್ಜ್ ಯಾರೆಂದು ಎಲ್ಲರಿಗೂ ಗೊತ್ತು. ಪತ್ರದ ದಿನಾಂಕದಂದೇ ಪೂರ್ತಿ ದಾಸ್ತಾನು ಎಣಿಸಿ, ಪಟ್ಟಿಗೆ ಕೊಡುವವರು, ಪಡೆಯುವವರು ಮತ್ತು ಲೆಕ್ಕ ವಿಭಾಗದ ಒಬ್ಬರು ಸಹಿ ಹಾಕಿದರೆ ಈ ಗೊಂದಲಕ್ಕೆ ಜಾಗವಿರುವುದಿಲ್ಲ. ಒಂದು ದಿನ ಹಿಡಿಯುವ ಕೆಲಸ. ಹೊಸ ಪದನಾಮಕ್ಕೆ ಒಪ್ಪಿಗೆ ಸಹಿ ಹಾಕುವ ಮೊದಲು ಇದನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಸರ್ಕಾರಿ ನೌಕರಿಯಲ್ಲಿ ಹೆಚ್ಚುವರಿ ಹುದ್ದೆ ವಹಿಸಿದಾಗ ಕೊನೆಯಪಕ್ಷ ‘ಪ್ರಭಾರ’ ಎಂಬ ಪದವಿದೆ, ಪ್ರಭಾರ ಭತ್ಯೆಗೆ ನಿಯಮವಿದೆ. ಆದರೂ ಹೆಸರು ಬದಲಾದ ಮಾತ್ರಕ್ಕೆ ಹೊಣೆಯ ಪ್ರಶ್ನೆ ಬಗೆಹರಿಯುವುದಿಲ್ಲ. ಕರ್ನಾಟಕದ ಗ್ರಾಮ ಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿಗಳು. 2024ರಲ್ಲಿ ಅವರು ಮುಷ್ಕರಕ್ಕೆ ಕೂತಾಗ ಮುಂದಿಟ್ಟ ದೂರುಗಳಲ್ಲಿ ಮೊಬೈಲ್ ಆಪ್‌ಗಳ ಮೂಲಕ ಮಾಡಬೇಕಾದ ಕೆಲಸದ ಹೊರೆಯೂ ಒಂದು.

ಖಾಸಗಿ ಕಂಪನಿಗಳಲ್ಲಿ ಇಂಥ ಪತ್ರ ಕೆಟ್ಟದ್ದೇ ಎಂದಲ್ಲ. ಕೆಲಸ ಬದಲಿಸುವಾಗ ಅನುಭವ ಪತ್ರದಲ್ಲಿ ಬರುವುದು ಈ ಹೊಸ ಹೆಸರೇ, ಮುಂದಿನ ಕಂಪನಿ ಸಂಬಳ ಮಾತಾಡುವಾಗ ನೋಡುವುದೂ ಅದನ್ನೇ. ಸಂಬಳ ಪಾವತಿಯ ದಾಖಲೆಯಲ್ಲಿ ಹಳೆಯ ಪದನಾಮವೇ ಉಳಿದುಬಿಟ್ಟರೆ ಮಾತ್ರ ತೊಂದರೆ. ಹಿನ್ನೆಲೆ ಪರಿಶೀಲನೆ ಮಾಡುವವರಿಗೆ ಪೇಸ್ಲಿಪ್‌ನಲ್ಲೊಂದು, ಪತ್ರದಲ್ಲೊಂದು ಹೆಸರು ಕಂಡರೆ ಅನುಮಾನ ನೌಕರನ ಮೇಲೆ ಬರುತ್ತದೆ. ಪತ್ರ ಬಂದ ಮುಂದಿನ ತಿಂಗಳ ಪೇಸ್ಲಿಪ್ ತೆರೆದು ನೋಡಬೇಕಾದ್ದು ಇದಕ್ಕೇ.

ಪತ್ರದ ಭಾಷೆಯನ್ನು ಬದಲಿಸಲು ಕೇಳುವುದೂ ಸಾಧ್ಯ. ಎಚ್‌ಆರ್‌ನವರು ಸಂಬಳದ ಮಾತಿಗೆ ಬಜೆಟ್ ಇಲ್ಲ ಎನ್ನಬಹುದು. ಕೆಲಸದ ಪಟ್ಟಿ ಕೊಡಿ ಎಂದರೆ ಹಾಗೆನ್ನಲು ಆಗುವುದಿಲ್ಲ. ‘ಹಾಗೂ ವಹಿಸಿದ ಇತರ ಎಲ್ಲ ಕೆಲಸಗಳು’ ಎಂದಷ್ಟೇ ಬರೆದಿದ್ದರೆ ಮುಂದೆ ಏನನ್ನು ಬೇಕಾದರೂ ಸೇರಿಸಬಹುದು. ಆ ಮಹಿಳೆ ಕೇಳಬಹುದಾಗಿದ್ದ ಪತ್ರದಲ್ಲಿ ಮೂರು ಸಾಲು ಹೆಚ್ಚಿಗೆ ಇರುತ್ತಿದ್ದವು. ಮಾಲು ಸ್ವೀಕಾರ, ವಿತರಣೆ ಮತ್ತು ತಿಂಗಳ ದಾಸ್ತಾನು ವರದಿ ಆಕೆಯ ಹೊಣೆ. ಓಟಿ ಸೇರಿದಂತೆ ಈಗ ಸಿಗುತ್ತಿರುವ ಎಲ್ಲ ಸೌಲಭ್ಯಗಳು ಮುಂದುವರಿಯುತ್ತವೆ. ಗ್ರೇಡು ಮತ್ತು ಸಂಬಳವನ್ನು ಆರು ತಿಂಗಳ ನಂತರ, ಇಂಥ ದಿನಾಂಕದಂದು, ಪರಿಶೀಲಿಸಲಾಗುತ್ತದೆ.