ಆಯ್ಕೆಯಾಗಲಿಲ್ಲ ಎಂದು ಹೇಳುವ ಬಗೆ

ಸಂದರ್ಶನ ಮುಗಿದು ಏಳುವಾಗ ‘ಸರಿ, ತಿಳಿಸ್ತೀವಿ’ ಎನ್ನುತ್ತಾರೆ. ಆಮೇಲೆ ಮೂರು ವಾರ ಫೋನ್ ಬರದಿದ್ದರೆ ಕೆಲಸ ಸಿಗಲಿಲ್ಲ ಎಂದು ಅಭ್ಯರ್ಥಿಯೇ ತಿಳಿದುಕೊಳ್ಳಬೇಕು. ಇದಕ್ಕೆಲ್ಲ ಉಡಾಫೆಯೇ ಕಾರಣ ಎನ್ನುವಂತಿಲ್ಲ. ಕಂಪನಿ ಇಬ್ಬರನ್ನು ಮೆಚ್ಚಿರುತ್ತದೆ. ಮೊದಲನೆಯವರಿಗೆ ಆಫರ್ ಕೊಟ್ಟು, ಅವರು ಕೈಕೊಟ್ಟರೆ ಇರಲಿ ಎಂದು ಎರಡನೆಯವರಿಗೆ ಏನೂ ಹೇಳದೆ ಇಟ್ಟುಕೊಂಡಿರುತ್ತದೆ. ಆಫರ್ ಒಪ್ಪಿದವರೂ ಹಳೆಯ ಕಂಪನಿಯಲ್ಲಿ ಎರಡು ಮೂರು ತಿಂಗಳ ನೋಟಿಸ್ ಮುಗಿಸಿ ಬರಬೇಕಾಗಬಹುದು. ಅಷ್ಟರಲ್ಲಿ ಮನಸ್ಸು ಬದಲಿಸುವವರಿದ್ದಾರೆ. ಆ ಅಂಜಿಕೆಯಲ್ಲಿ ಹೇಳಬೇಕಾದ ‘ಇಲ್ಲ’ ಮುಂದಕ್ಕೆ ಹೋಗುತ್ತಾ ಹೋಗಿ ಕೊನೆಗೆ ಮರೆತೇ ಹೋಗುತ್ತದೆ. ಇತ್ತ ಕಾದವರು ಕೈಗೆ ಬಂದ ಇನ್ನೊಂದು ಕೆಲಸವನ್ನು ಬಿಟ್ಟಿರಬಹುದು.

ಹಾಗಾಗಿ ಎರಡನೆಯವರಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಬೇಕು: ‘ಮೊದಲ ಆಯ್ಕೆ ಬೇರೆಯವರದಾಗಿದೆ. ಅವರ ಉತ್ತರ ಶುಕ್ರವಾರ ಸಿಗುತ್ತದೆ. ಅಂದು ಸಂಜೆಯೊಳಗೆ ನಿಮಗೆ ತಿಳಿಸುತ್ತೇವೆ. ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕರೆ ದಯವಿಟ್ಟು ನಮಗಾಗಿ ಬಿಡಬೇಡಿ.’ ಶುಕ್ರವಾರ ಏನೂ ತೀರ್ಮಾನವಾಗದಿದ್ದರೂ ಫೋನ್ ಮಾಡಲೇಬೇಕು.

ಇಲ್ಲ ಎನ್ನುವುದು ಹೇಗೆ? ಬೆಂಗಳೂರಿನ ಪೀಣ್ಯದಲ್ಲೊಂದು ಸಣ್ಣ ಕಾರ್ಖಾನೆ, ಅಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಖಾಲಿ ಇದೆ ಎಂದುಕೊಳ್ಳೋಣ. ಕೊನೆಯ ಸುತ್ತಿಗೆ ಬಂದ ಹುಡುಗಿಗೆ ನಲವತ್ತು ಖರೀದಿ ಬಿಲ್‌ಗಳ ಪಟ್ಟಿಯನ್ನು GSTR-2B ಜೊತೆ ತಾಳೆ ನೋಡುವ ಪರೀಕ್ಷೆ ಕೊಟ್ಟಿದ್ದರು. ಅರ್ಜಿ ಹಾಕಿದವರಿಗೆಲ್ಲ ಇಮೇಲ್ ಸಾಕು. ಮುಖಾಮುಖಿ ಕೂತು ಮಾತಾಡಿದವರಿಗೆ ಮಾತ್ರ ಫೋನೇ ಸರಿ. ಅವರು ಈಗಿನ ಆಫೀಸಿನಲ್ಲಿ, ಬಾಸ್ ಪಕ್ಕದಲ್ಲೇ ಇರಬಹುದು. ಆದ್ದರಿಂದ ಸಂಜೆ ಆರರ ಮೇಲೆ ಮಾಡುವುದು ಒಳ್ಳೆಯದು. ‘ಮೇಡಂ, ಮಾತಾಡೋಕೆ ಆಗುತ್ತಾ?’ ಎಂದು ಕೇಳಿದ ಕೂಡಲೇ ವಿಷಯಕ್ಕೆ ಬರಬೇಕು. ಊಟ, ಮಳೆ, ಟ್ರಾಫಿಕ್ ಎಂದು ಮಾತು ಬೆಳೆಸಿದಷ್ಟೂ ಆ ಕಡೆ ಆಸೆ ಬೆಳೆಯುತ್ತದೆ. ಫೋನಿನ ನಂತರ ಈ ನಾಲ್ಕು ಸಾಲು ಬರೆದು ಕಳಿಸಬೇಕು:

‘ನಮಸ್ಕಾರ. ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ನಾವು ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ. ನಿಮ್ಮ ಆಯ್ಕೆ ಆಗಿಲ್ಲ. ಎರಡು ಸಲ ರಜೆ ಹಾಕಿ ಬಂದಿದ್ದೀರಿ, ಅದಕ್ಕೆ ಕೃತಜ್ಞತೆಗಳು. ನಿಮ್ಮ ಪರೀಕ್ಷೆ ಮತ್ತು ಸಂದರ್ಶನದ ಬಗ್ಗೆ ನಮ್ಮ ಅಭಿಪ್ರಾಯ ತಿಳಿಯಬೇಕೆಂದಿದ್ದರೆ ಇದಕ್ಕೆ ಉತ್ತರಿಸಿ, ಈ ವಾರವೇ ಹತ್ತು ನಿಮಿಷ ಮಾತಾಡೋಣ.’

‘ನಿಮ್ಮ ರೆಸ್ಯೂಮೆ ನಮ್ಮ ಹತ್ತಿರ ಇರುತ್ತದೆ, ಮುಂದೆ ನೋಡೋಣ’ ಎಂಬ ಸಾಲು ಇದರಲ್ಲಿಲ್ಲ. ನಿಜವಾಗಿ ಕರೆಯುವ ಉದ್ದೇಶ ಇಲ್ಲದಿದ್ದರೆ ಆ ಮಾತು ಬರೆಯಲೇಬಾರದು.

ಅಭಿಪ್ರಾಯ ಕೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ‘ಇಲ್ಲ’ ಎಂದ ಉಸಿರಿನಲ್ಲೇ ತಪ್ಪುಗಳನ್ನು ಎಣಿಸಿದರೆ ಯಾರ ತಲೆಗೂ ಹೋಗುವುದಿಲ್ಲ. ಒಂದೆರಡು ದಿನ ಕಳೆದ ಮೇಲೆ ಕೇಳಿದರೆ ಕಿವಿಗೆ ಬೀಳುತ್ತದೆ. ಆದರೆ ಹೇಳಲು ಏನಾದರೂ ಇರಬೇಕಲ್ಲ? ಸಂದರ್ಶನದ ದಿನವೇ ಬರೆದಿಟ್ಟುಕೊಂಡಿಲ್ಲದಿದ್ದರೆ ‘ಇನ್ನೂ ಅನುಭವ ಬೇಕು’, ‘ಕಾನ್ಫಿಡೆನ್ಸ್ ಕಡಿಮೆ’ ಎಂಬ ಗಾಳಿಮಾತೇ ಬಾಯಿಗೆ ಬರುತ್ತದೆ. ಅದರಿಂದ ಆ ಹುಡುಗಿ ನಾಳೆ ಏನು ತಿದ್ದಿಕೊಳ್ಳಬೇಕು?

ಬರೆದಿಟ್ಟಿದ್ದರೆ ಮಾತು ಹೀಗಿರುತ್ತದೆ: ‘VLOOKUP ಹಾಕಿ ಬೇಗ ಮುಗಿಸಿದಿರಿ, ಅದು ಚೆನ್ನಾಗಿತ್ತು. ತಾಳೆಯಾಗದ ಎಂಟು ಬಿಲ್‌ಗಳ ಮುಂದೆಯೂ ಸಪ್ಲೈಯರ್ ರಿಟರ್ನ್ ಹಾಕಿಲ್ಲ ಎಂದು ಬರೆದಿದ್ದೀರಿ. ಅದರಲ್ಲಿ ಐದು ಬಿಲ್ ಅಲ್ಲೇ ಇದ್ದವು. ನಮ್ಮ ಪಟ್ಟಿಯಲ್ಲಿ 45 ಎಂದಿದ್ದ ನಂಬರ್ ಅಲ್ಲಿ 0045 ಎಂದಿತ್ತು, ಅಷ್ಟೇ. ಸಪ್ಲೈಯರ್‌ನ ಜಿಎಸ್‌ಟಿ ನಂಬರ್ ಮತ್ತು ಮೊತ್ತ ಹಿಡಿದು ಇನ್ನೊಮ್ಮೆ ಹುಡುಕಿದ್ದರೆ ಸಿಗುತ್ತಿತ್ತು.’ ಇದು ಆಕೆ ಮುಂದಿನ ಪರೀಕ್ಷೆಯಲ್ಲಿ ಬಳಸಬಹುದಾದ ಮಾತು. ಇಂಥದ್ದು ಎರಡು ಹೇಳಿದರೆ ಸಾಕು.

ಆಯ್ಕೆಯಾದವರ ಹೆಸರು, ಸಂಬಳ ತೆಗೆಯಬಾರದು. ‘ಮದುವೆ ನಿಶ್ಚಯವಾಗಿದೆಯಂತೆ, ಬಿಟ್ಟು ಹೋಗ್ತೀರೇನೋ ಅನ್ನಿಸಿತು’ ಎಂಬ ಮಾತು ಇಂದಿಗೂ ಸಲುಗೆಯಲ್ಲಿ ಬಂದುಬಿಡುತ್ತದೆ. ಅದು ಅಭಿಪ್ರಾಯವಲ್ಲ, ಅನ್ಯಾಯ. ಹೆಣ್ಣೆಂಬ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ನಿಜವಾದ ಕಾರಣ ಬಾಯಿಬಿಟ್ಟು ಹೇಳಲಾಗದಂಥದ್ದು ಎನಿಸಿದರೆ, ಆ ಆಯ್ಕೆಯನ್ನೇ ಮತ್ತೊಮ್ಮೆ ಕೂತು ನೋಡಬೇಕು.

ಅಭ್ಯರ್ಥಿ ವಾದಕ್ಕಿಳಿದರೆ? ಪೂರ್ತಿ ಕೇಳಿಸಿಕೊಂಡು ‘ನಿಮಗೆ ಬೇಸರವಾಗಿರುವುದು ಗೊತ್ತು, ಆದರೆ ತೀರ್ಮಾನ ಬದಲಾಗುವುದಿಲ್ಲ’ ಎಂದು ಹೇಳಿ ನಿಲ್ಲಿಸಬೇಕು. ಆ ಹೊತ್ತಿನ ಕನಿಕರಕ್ಕೆ ‘ಮ್ಯಾನೇಜರ್ ಹತ್ತಿರ ಇನ್ನೊಂದ್ಸಲ ಕೇಳ್ತೀನಿ’ ಎಂದರೆ ಕಾಯುವ ಕಷ್ಟ ಮೊದಲಿನಿಂದ ಶುರುವಾಗುತ್ತದೆ.

ನೀವು ಈಗ ಉತ್ತರಕ್ಕೆ ಕಾಯುತ್ತಿರುವವರಾಗಿದ್ದರೆ, ಹೇಳಿದ ದಿನ ಕಳೆದ ಮೇಲೆ ‘ನನ್ನ ಅರ್ಜಿ ಏನಾಯಿತು, ಆಯ್ಕೆಯಾಗದಿದ್ದರೆ ಪರೀಕ್ಷೆಯಲ್ಲಿ ಎಲ್ಲಿ ತಪ್ಪಿದೆ ತಿಳಿಸುವಿರಾ’ ಎಂದು ಬರೆದು ಕೇಳಿ. ಆದರೆ ಆ ಉತ್ತರ ಬರುವವರೆಗೆ ಬೇರೆ ಅರ್ಜಿಗಳನ್ನು ನಿಲ್ಲಿಸಬೇಡಿ.