ನೆಕ್ಲೇಸ್‌ನ ಬಿಲ್ಲಿನಲ್ಲಿ ಚಿನ್ನಕ್ಕೆಷ್ಟು, ಉಳಿದದ್ದಕ್ಕೆಷ್ಟು?

ಮದುವೆಗೆಂದು ನೆಕ್ಲೇಸ್ ಕೊಳ್ಳಲು ಹೊರಟವರು ಮನೆಯಲ್ಲೇ ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ: ಇವತ್ತಿನ ರೇಟು ಇಷ್ಟು, ನಮಗೆ ಬೇಕಾದದ್ದು ಇಷ್ಟು ಗ್ರಾಂ, ಆದ್ದರಿಂದ ಇಷ್ಟು ದುಡ್ಡು. ಅಂಗಡಿಯಲ್ಲಿ ಬಿಲ್ ಬಂದಾಗ ಅದು ಆ ಲೆಕ್ಕಕ್ಕಿಂತ ಐದನೇ ಒಂದು ಭಾಗದಷ್ಟು ಹೆಚ್ಚಿರುವುದುಂಟು. ಆ ಹೆಚ್ಚಿನ ಹಣ ಎಲ್ಲೆಲ್ಲಿ ಸೇರಿತು, ಅದರಲ್ಲಿ ಎಷ್ಟು ಮುಂದೆ ವಾಪಸ್ ಬರುತ್ತದೆ ಎಂಬುದು ಕೊಳ್ಳುವ ಮೊದಲೇ ತಿಳಿದಿರಬೇಕು.

ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ಚಿನ್ನದ ರೇಟು ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ನೆಕ್ಲೇಸ್ 20 ಗ್ರಾಂ, ಕಲ್ಲು ಮಣಿ ಏನೂ ಇಲ್ಲ. ವೇಸ್ಟೇಜ್ ಶೇ. 12, ಮಜೂರಿ ಗ್ರಾಂಗೆ 500 ರೂಪಾಯಿ. ಆಗ ಬಿಲ್ ಹೀಗಿರುತ್ತದೆ:

ಚಿನ್ನದ ಬೆಲೆ: 2,00,000
ವೇಸ್ಟೇಜ್ (2.4 ಗ್ರಾಂ): 24,000
ಮಜೂರಿ: 10,000
ಶೇ. 3 ಜಿಎಸ್‌ಟಿ: 7,020
ಹಾಲ್‌ಮಾರ್ಕ್ ಶುಲ್ಕ, ಅದರ ತೆರಿಗೆ ಸೇರಿ: 53
ಒಟ್ಟು: 2,41,073 ರೂಪಾಯಿ

ಲೋಹದ ಬೆಲೆ ಎರಡು ಲಕ್ಷ, ಅದರ ಮೇಲೆ ಕೊಟ್ಟದ್ದು 41,073. ಕೊಟ್ಟ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 83 ಮಾತ್ರ ಚಿನ್ನಕ್ಕೆ ಹೋಗಿದೆ.

ವೇಸ್ಟೇಜ್ ಎಂಬ ದೊಡ್ಡ ಪಾಲು

ಈ ಪಟ್ಟಿಯಲ್ಲಿ ಜನರಿಗೆ ಅರ್ಥವಾಗದೆ ಉಳಿಯುವುದು ವೇಸ್ಟೇಜ್. ಚಿನ್ನ ಕರಗಿಸಿ, ತಂತಿ ಎಳೆದು, ಕತ್ತರಿಸಿ, ಅರದಿಂದ ಉಜ್ಜಿ, ಬೆಸುಗೆ ಹಾಕಿ, ಪಾಲಿಶ್ ಮಾಡುವಾಗ ಪ್ರತಿ ಹಂತದಲ್ಲೂ ಒಂದಿಷ್ಟು ಪುಡಿ ಉದುರುತ್ತದೆ. ಕೈಕೆಲಸ ಹೆಚ್ಚಾದಷ್ಟೂ ಉದುರುವುದೂ ಹೆಚ್ಚು. ಅಕ್ಕಸಾಲಿ ಮನೆಯ ಮುಂದೆ ಕೂತು ಒಡವೆ ಮಾಡಿಸುತ್ತಿದ್ದ ಕಾಲದಿಂದಲೂ ಈ ಸವಕಳಿಯನ್ನು ಮಾಡಿಸಿದವರೇ ಭರಿಸುವುದು ರೂಢಿ.

ಆದರೆ ಉದುರಿದ ಚಿನ್ನ ಕಾಣೆಯಾಗುವುದಿಲ್ಲ. ಕೆಲಸದ ಮಣೆಯ ಕೆಳಗಿನ ಪುಡಿಯನ್ನು ಜೋಪಾನವಾಗಿ ಕೂಡಿಹಾಕುತ್ತಾರೆ. ನೆಲದ ಕಸವನ್ನೂ ತೊಳೆದು, ಸೋಸಿ ಚಿನ್ನ ತೆಗೆಯುತ್ತಾರೆ. ತುಂಡುಗಳು ಮತ್ತೆ ಕರಗುತ್ತವೆ. ಇಂದು ಯಂತ್ರದಲ್ಲಿ ತಯಾರಾಗುವ ಸರಗಳಲ್ಲಂತೂ ನಷ್ಟ ಇನ್ನೂ ಕಡಿಮೆ. ಹಾಗಾಗಿ ಬಿಲ್ಲಿನ ಶೇ. 12 ಎಂದರೆ ಅಷ್ಟೂ ಚಿನ್ನ ಹಾಳಾಯಿತೆಂದು ಅರ್ಥವಲ್ಲ. ಕೆಲಸದ ಕೂಲಿ, ವಿನ್ಯಾಸದ ಬೆಲೆ, ಅಂಗಡಿಯ ಖರ್ಚು, ಲಾಭ ಎಲ್ಲವೂ ಅದರಲ್ಲಿ ಅಡಗಿರುತ್ತವೆ. ಕೆಲವು ಅಂಗಡಿಗಳು ಇದನ್ನೇ ‘ವಿಎ’ ಎಂದು ಬರೆಯುತ್ತವೆ. ವೇಸ್ಟೇಜ್ ಇಷ್ಟನ್ನು ಮೀರಬಾರದೆಂಬ ಕಾನೂನಿನ ಮಿತಿ ಇಲ್ಲ. ಆದ್ದರಿಂದ ಚೌಕಾಸಿಗೆ ಇಲ್ಲಿ ಧಾರಾಳ ಅವಕಾಶವಿದೆ, ಕೇಳುವುದಕ್ಕೆ ಸಂಕೋಚ ಬೇಡ.

ಶೇಕಡಾ ಲೆಕ್ಕದ ಇನ್ನೊಂದು ಗುಣವನ್ನೂ ಗಮನಿಸಬೇಕು. ರೇಟು 10,000ದಿಂದ 12,000ಕ್ಕೆ ಏರಿದರೆ ಅದೇ ನೆಕ್ಲೇಸ್‌ನ ವೇಸ್ಟೇಜ್ 24,000ದಿಂದ 28,800ಕ್ಕೆ ಏರುತ್ತದೆ. ಕೆಲಸ ಅಷ್ಟೇ, ಉದುರಿದ ಪುಡಿಯೂ ಅಷ್ಟೇ, ಕೊಡುವ ಹಣ ಮಾತ್ರ 4,800 ಹೆಚ್ಚು. ಗ್ರಾಂಗೆ ಇಷ್ಟು ಎಂದು ರೂಪಾಯಿಯಲ್ಲಿ ನಿಗದಿಯಾದ ಮಜೂರಿ ಹೀಗೆ ರೇಟಿನ ಜೊತೆ ತಾನಾಗಿ ಏರುವುದಿಲ್ಲ.

ಮಜೂರಿಯನ್ನು ಯಾವ ತೂಕದ ಮೇಲೆ ಹಾಕಿದ್ದಾರೆಂದೂ ನೋಡಿ. ನೆಕ್ಲೇಸ್ ತೂಗುವುದು 20 ಗ್ರಾಂ. ವೇಸ್ಟೇಜ್ ಸೇರಿಸಿದ 22.4 ಗ್ರಾಂ ಮೇಲೆ ಮಜೂರಿ ಹಾಕಿದರೆ 10,000 ಇದ್ದದ್ದು 11,200 ಆಗುತ್ತದೆ. ಕಲ್ಲು ಕೂರಿಸಿದ ಒಡವೆಯಾದರೆ ಇನ್ನೂ ಎಚ್ಚರ ಬೇಕು. ಎರಡು ಗ್ರಾಂ ಕಲ್ಲನ್ನು ಕಳೆಯದೆ ಒಟ್ಟು ತೂಕಕ್ಕೇ ಚಿನ್ನದ ಬೆಲೆ ಕಟ್ಟಿದರೆ, ಕಲ್ಲಿಗೆ ಚಿನ್ನದ ರೇಟಿನಂತೆ 20,000 ರೂಪಾಯಿ ತೆತ್ತಂತಾಗುತ್ತದೆ. ಬಿಲ್ಲಿನಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ಚಿನ್ನದ ನಿವ್ವಳ ತೂಕ ಮೂರೂ ಬೇರೆ ಬೇರೆಯಾಗಿ ಇರಬೇಕು.

ಹೋಲಿಸುವುದು ಹೇಗೆ?

ಪಕ್ಕದ ಅಂಗಡಿಯಲ್ಲಿ ‘ಮಜೂರಿ ಇಲ್ಲ’ ಎಂಬ ಫಲಕ ಕಾಣುತ್ತದೆ ಎನ್ನಿ. ಅಲ್ಲಿ ಅಂಥದ್ದೇ 20 ಗ್ರಾಂ ನೆಕ್ಲೇಸ್‌ಗೆ ವೇಸ್ಟೇಜ್ ಶೇ. 19. ಅಂದರೆ 38,000 ರೂಪಾಯಿ. ಮೊದಲ ಅಂಗಡಿಯಲ್ಲಿ ವೇಸ್ಟೇಜ್, ಮಜೂರಿ ಎರಡೂ ಸೇರಿ ಆದದ್ದು 34,000. ಮಜೂರಿ ಇಲ್ಲದ ಕಡೆಯೇ ನಾಲ್ಕು ಸಾವಿರ ದುಬಾರಿ, ಅದರ ಮೇಲಿನ ತೆರಿಗೆ ಬೇರೆ.

ಹೀಗೆ ಮೋಸಹೋಗದಿರಲು ಒಂದೇ ಸಂಖ್ಯೆ ಸಾಕು. ತೆರಿಗೆಗೆ ಮೊದಲಿನ ಮೊತ್ತದಿಂದ ಚಿನ್ನದ ಬೆಲೆಯನ್ನು ಕಳೆಯಿರಿ. ಉಳಿದದ್ದನ್ನು ನಿವ್ವಳ ತೂಕದಿಂದ ಭಾಗಿಸಿ. ಮೊದಲ ಅಂಗಡಿಯಲ್ಲಿ ಅದು ಗ್ರಾಂಗೆ 1,700, ಎರಡನೆಯದರಲ್ಲಿ 1,900. ಯಾವ ಹೆಸರಿನಲ್ಲಿ ಎಷ್ಟು ಹಾಕಿದ್ದರೂ ಈ ಸಂಖ್ಯೆಯೇ ನಿಜವಾದ ಮೇಲುಖರ್ಚು. ಇದರ ಜೊತೆಗೆ ಎರಡೂ ಕಡೆಯ 22 ಕ್ಯಾರೆಟ್ ರೇಟು ಒಂದೇ ಇದೆಯೇ ನೋಡಬೇಕು. ಹೋಲಿಕೆಯೂ ಒಂದೇ ಬಗೆಯ ಕೆಲಸದ ನಡುವೆ ಇರಬೇಕು. ಕೈಯಲ್ಲಿ ನಕಾಶೆ ಕೆತ್ತಿದ ಹಾರಕ್ಕೂ ಯಂತ್ರದ ಸರಕ್ಕೂ ಒಂದೇ ಮೇಲುಖರ್ಚು ನಿರೀಕ್ಷಿಸಿದರೆ ಕುಸುರಿ ಕೆಲಸಗಾರನಿಗೆ ಅನ್ಯಾಯ.

ತೆರಿಗೆಯಲ್ಲಿ ಚೌಕಾಸಿ ಇಲ್ಲ. ಅಂಗಡಿಯಲ್ಲಿ ಕೊಳ್ಳುವ ಸಿದ್ಧ ಒಡವೆಗೆ ಚಿನ್ನ, ವೇಸ್ಟೇಜ್, ಮಜೂರಿ ಎಲ್ಲ ಸೇರಿದ ಮೊತ್ತದ ಮೇಲೆ ಶೇ. 3 ಜಿಎಸ್‌ಟಿ. ಅದರಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ತಲಾ ಒಂದೂವರೆ. ಹಾಲ್‌ಮಾರ್ಕ್‌ಗೆ ತೂಕ ಎಷ್ಟೇ ಇರಲಿ, ಒಂದು ಒಡವೆಗೆ 45 ರೂಪಾಯಿ ಮತ್ತು ಅದರ ಮೇಲೆ ಶೇ. 18 ತೆರಿಗೆ. ಹಾಲ್‌ಮಾರ್ಕ್ ಹೆಸರಿನಲ್ಲಿ ನೂರಾರು ರೂಪಾಯಿ ಕೇಳಿದರೆ ಅದು ಸರಿಯಲ್ಲ.

ಮಾರುವ ದಿನ

ಇದೇ ನೆಕ್ಲೇಸನ್ನು ರೇಟು ಬದಲಾಗದಿರುವಾಗಲೇ ಮಾರಲು ಹೋದರೆ ಏನಾಗುತ್ತದೆ? ಕೊಳ್ಳುವವರು ಅದನ್ನು ಬರೀ ಲೋಹವಾಗಿ ನೋಡುತ್ತಾರೆ. ವೇಸ್ಟೇಜ್, ಮಜೂರಿ, ಜಿಎಸ್‌ಟಿ ಯಾವುದೂ ವಾಪಸ್ ಬರುವುದಿಲ್ಲ. ಅದರ ಮೇಲೆ ಕರಗಿಸುವಾಗಿನ ಸವಕಳಿ ಎಂದು ಒಂದಿಷ್ಟು ಕಳೆಯುತ್ತಾರೆ. ಕೊಳ್ಳುವಾಗ ತೂಕಕ್ಕೆ ಕೂಡಿದ ವೇಸ್ಟೇಜ್, ಮಾರುವಾಗ ತೂಕದಿಂದ ಕಳೆಯುತ್ತದೆ. ಶೇ. 3 ಕಳೆದರೆಂದು ಹಿಡಿಯೋಣ: ಕೈಗೆ ಬರುವುದು 1,94,000. ಕೊಟ್ಟದ್ದಕ್ಕಿಂತ 47,073 ಕಡಿಮೆ. ಹಾಕಿದ ದುಡ್ಡು ಪೂರ್ತಿ ವಾಪಸಾಗಬೇಕಾದರೆ ಚಿನ್ನದ ರೇಟು 10,000ದಿಂದ ಸುಮಾರು 12,430ಕ್ಕೆ ಏರಬೇಕು. ‘ರೇಟು ಶೇ. 20 ಏರಿದೆ, ನಮಗೆ ಲಾಭವಾಯಿತು’ ಎನ್ನುವ ಮನೆಯವರು ಇನ್ನೂ ಅಸಲಿಗೂ ಮುಟ್ಟಿರುವುದಿಲ್ಲ.

ಹಳೆಯ ಒಡವೆ ಕೊಟ್ಟು ಹೊಸದು ಕೊಳ್ಳುವಾಗ ಈ ನಷ್ಟ ಎರಡು ಸಲ ಬೀಳುತ್ತದೆ. ಹಳೆಯದರಲ್ಲಿ ಕಳೆಯುತ್ತಾರೆ, ಹೊಸದರಲ್ಲಿ ಕೂಡಿಸುತ್ತಾರೆ. ಹೊಸದರ ಜಿಎಸ್‌ಟಿಯೂ ಅದರ ಪೂರ್ತಿ ಬೆಲೆಯ ಮೇಲೆ ಬೀಳುತ್ತದೆ, ಕೈಯಿಂದ ಕೊಟ್ಟ ವ್ಯತ್ಯಾಸದ ಹಣದ ಮೇಲೆ ಮಾತ್ರವಲ್ಲ.

ಈ ನಷ್ಟ ಇನ್ನೂ ಹಿಗ್ಗುವುದು ಶುದ್ಧತೆಯಲ್ಲಿ ತಕರಾರು ಬಂದಾಗ. ಅದಕ್ಕೆ ರಕ್ಷಣೆ ಹಾಲ್‌ಮಾರ್ಕ್. ಬಿಐಎಸ್ ಮುದ್ರೆ, 916 ಎಂಬ ಶುದ್ಧತೆಯ ಗುರುತು, ಅಂಕಿ ಅಕ್ಷರಗಳ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ ಈ ಮೂರೂ ಒಡವೆಯ ಮೇಲಿರಬೇಕು. ಹಾಲ್‌ಮಾರ್ಕ್ ಒಡವೆಗಳಿಗೆ 2023ರ ಏಪ್ರಿಲ್ 1ರಿಂದ ಈ ಸಂಖ್ಯೆ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಬಗೆ, ಶುದ್ಧತೆ ಕಾಣುತ್ತವೆ. ಅವು ಕೈಯಲ್ಲಿರುವ ಒಡವೆಗೆ ಹೊಂದಬೇಕು.

ಹಾಗೆಂದು ನೆಕ್ಲೇಸ್ ಕೊಳ್ಳಬಾರದೆಂದಲ್ಲ. ಮಗಳ ಮದುವೆಗೆ, ವರ್ಷಗಟ್ಟಲೆ ಹಬ್ಬ ಹರಿದಿನಗಳಿಗೆ ತೊಡುವ ಒಡವೆಗೆ ಕುಶಲ ಕೈಗಳ ಕೂಲಿ ಕೊಡುವುದು ನ್ಯಾಯವೇ. ಅದು ತೊಡುವ ಸಂತೋಷಕ್ಕೆ ಕೊಟ್ಟ ಬೆಲೆ, ಉಳಿತಾಯವಲ್ಲ ಎಂದು ಬೇರೆಯಾಗಿ ಬರೆದಿಟ್ಟುಕೊಂಡರಾಯಿತು. ಮುಂದೆ ಮಾರುವ ಉದ್ದೇಶದಿಂದಲೇ ಚಿನ್ನ ಕೂಡಿಡುವವರಿಗೆ ಮಾತ್ರ ನೆಕ್ಲೇಸ್ ದುಬಾರಿ ದಾರಿ. ಕೆಲಸ ಕಡಿಮೆಯಿರುವ ನಾಣ್ಯದಲ್ಲಿ ಮೇಲುಖರ್ಚು ಬಹಳ ಕಡಿಮೆ. ಎರಡರಲ್ಲಿ ಯಾವುದಕ್ಕಾಗಿ ಹೋದರೂ ಹಣ ಕೊಡುವ ಮೊದಲು ಎಸ್ಟಿಮೇಟ್ ಚೀಟಿ ಬರೆಸಿಕೊಂಡು ಮೂರು ಪ್ರಶ್ನೆ ಕೇಳಿ: ಚಿನ್ನದ ನಿವ್ವಳ ತೂಕ ಎಷ್ಟು, ಗ್ರಾಂಗೆ ಮೇಲುಖರ್ಚು ಎಷ್ಟು, ಇದನ್ನೇ ನಾಳೆ ನಿಮಗೆ ವಾಪಸ್ ಕೊಟ್ಟರೆ ಎಷ್ಟು ಕಳೆಯುತ್ತೀರಿ? ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡುವ ಅಂಗಡಿಯಲ್ಲೇ ಕೊಳ್ಳಿ.