ಶೇಕಡಾ ಎಷ್ಟು ಎನ್ನುವ ಮುನ್ನ, ಯಾವುದರ ಶೇಕಡಾ?

ಐಬಿಪಿಎಸ್ ನಡೆಸುವ ಬ್ಯಾಂಕ್ ಪಿಒ ಪ್ರಿಲಿಮ್ಸ್‌ನಲ್ಲಿ ಗಣಿತ ವಿಭಾಗದ 35 ಪ್ರಶ್ನೆಗಳಿಗೆ ಸಿಗುವುದು 20 ನಿಮಿಷ. ಒಂದು ಪ್ರಶ್ನೆಗೆ 35 ಸೆಕೆಂಡ್ ಕೂಡ ಪೂರ್ತಿ ಇಲ್ಲ. ಉತ್ತರ ತಪ್ಪಾದರೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಈ ವಿಭಾಗದಲ್ಲಿ ಅಭ್ಯರ್ಥಿಗಳ ಸಮಯವನ್ನು ಹೆಚ್ಚು ತಿನ್ನುವುದು ಪೈ ಚಾರ್ಟ್ ಮತ್ತು ಕೋಷ್ಟಕವನ್ನು ಬೆರೆಸಿ ಕೊಡುವ ಡಿಐ ಪ್ರಶ್ನೆಗಳು. ಇಲ್ಲಿ ಬೇಕಾದ ಮಾಹಿತಿಯ ಅರ್ಧ ಒಂದು ಚಿತ್ರದಲ್ಲಿರುತ್ತದೆ, ಉಳಿದರ್ಧ ಇನ್ನೊಂದರಲ್ಲಿ. ಎರಡನ್ನೂ ಸೇರಿಸುವ ಕೊಂಡಿ ಯಾವುದು ಎಂಬುದನ್ನು ಮೊದಲು ಗುರುತಿಸಿದವರಿಗೆ ಲೆಕ್ಕ ಚಿಕ್ಕದಾಗುತ್ತದೆ.

ಒಂದು ಉದಾಹರಣೆಯನ್ನೇ ಬಿಡಿಸೋಣ. ಐದು ಮಳಿಗೆಗಳಲ್ಲಿ ಒಟ್ಟು 7,200 ಪುಸ್ತಕಗಳು ಮಾರಾಟವಾಗಿವೆ. ಯಾವ ಮಳಿಗೆಯ ಪಾಲು ಎಷ್ಟು ಎಂದು ಪೈ ಚಾರ್ಟ್ ಹೇಳುತ್ತದೆ. ಪ್ರತಿ ಮಳಿಗೆಯಲ್ಲಿ ಮಾರಾಟವಾದ ಕನ್ನಡ ಮತ್ತು ಇಂಗ್ಲಿಷ್ ಪುಸ್ತಕಗಳ ಅನುಪಾತವನ್ನು ಕೋಷ್ಟಕ ಹೇಳುತ್ತದೆ.

ಪೈ ಚಾರ್ಟ್: ಎ 15%, ಬಿ 25%, ಸಿ 20%, ಡಿ 30%, ಇ 10%
ಕೋಷ್ಟಕ: ಎ 5:4, ಬಿ 3:2, ಸಿ 7:5, ಡಿ 5:3, ಇ 2:1

ಕೊಂಡಿ ಇರುವುದು ಪ್ರತಿ ಮಳಿಗೆಯ ಒಟ್ಟು ಸಂಖ್ಯೆಯಲ್ಲಿ. ಪೈ ಚಾರ್ಟ್ ಅದನ್ನು ಕೊಡುತ್ತದೆ, ಕೋಷ್ಟಕ ಅದನ್ನೇ ಒಡೆಯುತ್ತದೆ. 7,200ರ 1% ಎಂದರೆ 72. ಇದೊಂದನ್ನು ಬರೆದಿಟ್ಟುಕೊಂಡು ಪ್ರಶ್ನೆಗೆ ಹೋಗಬೇಕು. ಹತ್ತೂ ಸಂಖ್ಯೆಗಳನ್ನು ಮೊದಲೇ ಲೆಕ್ಕ ಹಾಕಿ ಹಾಳೆ ತುಂಬಿಸುವ ಅಭ್ಯಾಸ ಹಲವರಿಗಿದೆ. ಅದರಲ್ಲಿ ಕೆಲವನ್ನು ಯಾವ ಪ್ರಶ್ನೆಯೂ ಕೇಳುವುದಿಲ್ಲ, ಹೋದ ನಿಮಿಷ ಮಾತ್ರ ಹಿಂದಕ್ಕೆ ಬರುವುದಿಲ್ಲ.

ಮೊದಲ ಪ್ರಶ್ನೆ: ಸಿ ಮತ್ತು ಡಿ ಮಳಿಗೆಗಳ ಇಂಗ್ಲಿಷ್ ಪುಸ್ತಕಗಳ ಅನುಪಾತವೆಷ್ಟು? ಇದಕ್ಕೆ 7,200 ಬೇಕೇ ಇಲ್ಲ. ಎರಡೂ ಕಡೆ ಅದೇ ಒಟ್ಟು ಇರುವುದರಿಂದ ಅದು ಹೊಡೆದುಹೋಗುತ್ತದೆ. ಸಿ ಪಾಲು 20, ಅದರ 12 ಭಾಗದಲ್ಲಿ 5. ಡಿ ಪಾಲು 30, ಅದರ 8 ಭಾಗದಲ್ಲಿ 3. ಅಂದರೆ 100/12 ಮತ್ತು 90/8. ಎರಡನ್ನೂ 24ರಿಂದ ಗುಣಿಸಿದರೆ 200 ಮತ್ತು 270, ಉತ್ತರ 20:27. ಅನುಪಾತ ಕೇಳಿದಾಗ ಶೇಕಡಾಗಳಲ್ಲೇ ನಿಲ್ಲಬೇಕು. ಸಂಖ್ಯೆ ಕೇಳಿದಾಗ ಮಾತ್ರ 72ನ್ನು ಹೊರತೆಗೆಯಬೇಕು.

ಎರಡನೆಯದು: ಬಿ ಮಳಿಗೆಯ ಕನ್ನಡ ಪುಸ್ತಕಗಳು ಎ ಮಳಿಗೆಯ ಕನ್ನಡ ಪುಸ್ತಕಗಳಿಗಿಂತ ಶೇಕಡಾ ಎಷ್ಟು ಹೆಚ್ಚು? ಬಿ ಒಟ್ಟು 1,800, ಅದರಲ್ಲಿ ಕನ್ನಡ 1,080. ಎ ಒಟ್ಟು 1,080, ಅದರಲ್ಲಿ ಕನ್ನಡ 600. ವ್ಯತ್ಯಾಸ 480. ಇದನ್ನು 600ರಿಂದ ಭಾಗಿಸಿದರೆ 80%, 1,080ರಿಂದ ಭಾಗಿಸಿದರೆ ಸುಮಾರು 44%. ಪ್ರಶ್ನೆಪತ್ರಿಕೆ ತಯಾರಿಸುವವರು ಆಯ್ಕೆಗಳಲ್ಲಿ ಎರಡನ್ನೂ ಇಟ್ಟಿರುತ್ತಾರೆ, ಹಾಗಾಗಿ ಸಿಕ್ಕ ಉತ್ತರ ಆಯ್ಕೆಯಲ್ಲಿದೆ ಎಂದಮಾತ್ರಕ್ಕೆ ಸರಿ ಎನ್ನುವಂತಿಲ್ಲ. ‘ಗಿಂತ’ ಎಂಬ ಪ್ರತ್ಯಯ ಯಾವುದಕ್ಕೆ ಅಂಟಿಕೊಂಡಿದೆಯೋ ಅದೇ ಭಾಜಕ. ಇಲ್ಲಿ ಅದು ಎ, ಆದ್ದರಿಂದ ಉತ್ತರ 80%.

ಮೂರನೆಯದು: ಒಟ್ಟು ಮಾರಾಟದಲ್ಲಿ ಕನ್ನಡ ಪುಸ್ತಕಗಳ ಪಾಲೆಷ್ಟು? ಐದು ಮಳಿಗೆಗಳ ಕನ್ನಡ ಪುಸ್ತಕಗಳು ಕ್ರಮವಾಗಿ 600, 1,080, 840, 1,350, 480. ಕೂಡಿದರೆ 4,350. ಭಾಗಾಕಾರಕ್ಕೆ ಇಳಿಯುವ ಮುನ್ನ ಆಯ್ಕೆಗಳನ್ನು ನೋಡಬೇಕು. ಅವು 52, 56, 60.4, 65 ಎಂದು ದೂರದೂರ ಇದ್ದರೆ ಅಂದಾಜೇ ಸಾಕು. 7,200ರ 60% ಎಂದರೆ 4,320, ಉಳಿದದ್ದು 30. ಅದು ಅರ್ಧ ಶೇಕಡಾಕ್ಕಿಂತ ಕಡಿಮೆ. ಉತ್ತರ 60.4. ಆದರೆ ಆಯ್ಕೆಗಳಲ್ಲಿ 60.4ರ ಜೊತೆ 60.6 ಕೂಡ ಇದ್ದರೆ ಅಂದಾಜಿಗೆ ಜಾಗವಿಲ್ಲ. ಐದು ಮಳಿಗೆಗಳ ಕನ್ನಡ ಶೇಕಡಾಗಳನ್ನು ನೇರವಾಗಿ ಸರಾಸರಿ ಮಾಡಿದವರಿಗೆ ಬರುವುದು ಆ 60.6. ಮಳಿಗೆಗಳ ಗಾತ್ರ ಬೇರೆಬೇರೆ ಇರುವಾಗ ಶೇಕಡಾಗಳ ಸರಾಸರಿ ನಿಲ್ಲುವುದಿಲ್ಲ. ಇ ಮಳಿಗೆಯನ್ನೇ ನೋಡಿ: ಮೂರರಲ್ಲಿ ಎರಡು ಭಾಗ ಕನ್ನಡ, ಐದರಲ್ಲಿ ಅತಿ ಹೆಚ್ಚಿನ ಪ್ರಮಾಣ. ಸಂಖ್ಯೆಯಲ್ಲಿ ಅದೇ 480, ಎಲ್ಲರಿಗಿಂತ ಕಡಿಮೆ.

ಓದುವುದರಲ್ಲೇ ತಪ್ಪಾಗಿದ್ದರೆ ತಿಳಿಯುವುದು ಹೇಗೆ? ಇಂಥ ಪ್ರಶ್ನೆಗಳಲ್ಲಿ ಪುಸ್ತಕ, ಜನ, ವಾಹನಗಳಂಥ ಎಣಿಸುವ ವಸ್ತುಗಳಿದ್ದರೆ ಒಟ್ಟು ಸಂಖ್ಯೆ ಅನುಪಾತದ ಮೊತ್ತದಿಂದ ಸರಿಯಾಗಿ ಭಾಗವಾಗಬೇಕು. ಸಿ ಮಳಿಗೆಯ 1,440ನ್ನು 12ರಿಂದ ಭಾಗಿಸಿದರೆ 120. ಅವಸರದಲ್ಲಿ ಪಕ್ಕದ ಸಾಲಿನ ಬಿಯ 1,800ನ್ನು ಡಿಯ 8ರಿಂದ ಭಾಗಿಸಿದರೂ 225 ಬರುತ್ತದೆ, ಆದ್ದರಿಂದ ಈ ಪರೀಕ್ಷೆ ಎಲ್ಲ ತಪ್ಪನ್ನೂ ಹಿಡಿಯದು. ಆದರೆ ಶೇಷ ಉಳಿದರೆ ಮುಂದಕ್ಕೆ ಹೋಗದೆ ಸಾಲನ್ನು ಮತ್ತೆ ನೋಡುವುದೇ ಲೇಸು.

ಅಣಕು ಪರೀಕ್ಷೆ ಮುಗಿದ ಮೇಲೆ ಉತ್ತರ ಸರಿಯೇ ತಪ್ಪೇ ಎಂದಷ್ಟೇ ನೋಡಿ ಬಿಡಬೇಡಿ. ರಫ್ ಹಾಳೆಯಲ್ಲಿ ಬರೆದ ಸಂಖ್ಯೆಗಳ ಪೈಕಿ ಉತ್ತರಕ್ಕೆ ನಿಜವಾಗಿ ಬಳಕೆಯಾದವಕ್ಕೆ ಗುರುತು ಹಾಕಿ. ಗುರುತಿಲ್ಲದೆ ಉಳಿದ ಸಂಖ್ಯೆಗಳು ಎಷ್ಟಿವೆಯೋ ಮುಂದಿನ ಪರೀಕ್ಷೆಯಲ್ಲಿ ಅಷ್ಟು ಲೆಕ್ಕವನ್ನು ನೀವು ಬಿಡಬಹುದು.